ಮನೆಯ ಸ್ವಿಚ್ ಬೋರ್ಡಿನ ಚಿತ್ರವನ್ನು ಓದುವ ಬಗೆ

ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳಲ್ಲಿ ಬೇಸಿಗೆ ಬಂತೆಂದರೆ ಅನೇಕ ಮನೆಗಳಲ್ಲಿ ಕೂಲರ್ ತಿರುಗತೊಡಗುತ್ತದೆ. ತಗಡಿನ ಮೈ, ಒಳಗೆ ನೀರು, ಸುತ್ತ ತೇವವಾದ ನೆಲ, ಓಡಾಡುವವರ ಬರಿಗಾಲು. ವಿದ್ಯುತ್ ಸೋರಿದರೆ ಅಪಾಯಕ್ಕೆ ಇದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ. ಸೋರಿದ ವಿದ್ಯುತ್ತನ್ನು ಭೂಮಿಗೆ ಒಯ್ಯಬೇಕಾದ ಅರ್ಥಿಂಗ್ ಗುಂಡಿಯೂ ಇದೇ ದಿನಗಳಲ್ಲಿ ಒಣಗಿ ನಿಂತಿರುತ್ತದೆ. ಆದ್ದರಿಂದ ಗೋಡೆಯ ಮೇಲಿನ ಸ್ವಿಚ್ ಬೋರ್ಡಿನ ಹಿಂದೆ ಯಾವ ತಂತಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮನೆಯವರೂ ಅರಿತಿರಬೇಕು. ಬೋರ್ಡನ್ನು ಬಿಚ್ಚುವ ಕೆಲಸ ಪರವಾನಗಿ ಪಡೆದ ವೈರ್‌ಮನ್‌ನದು. ಆದರೆ ಆತ ಮಾಡಿದ್ದು ಸರಿಯೇ ಎಂದು ನೋಡಿಕೊಳ್ಳಲು ಚಿತ್ರ ಓದಲು ಬಂದರೆ ಸಾಕು.

ಒಂದು ಹಾಳೆ ತೆಗೆದುಕೊಂಡು ಎಡದಿಂದ ಬಲಕ್ಕೆ ಮೂರು ಗೆರೆಗಳನ್ನು ಎಳೆಯಿರಿ. ಮೇಲಿನದು ಫೇಸ್, ನಡುವಿನದು ನ್ಯೂಟ್ರಲ್, ಕೆಳಗಿನದು ಅರ್ಥ್. ನಮ್ಮಲ್ಲಿ ಫೇಸಿಗೆ ಕೆಂಪು (ಅಥವಾ ಹಳದಿ, ನೀಲಿ), ನ್ಯೂಟ್ರಲ್‌ಗೆ ಕಪ್ಪು, ಅರ್ಥ್‌ಗೆ ಹಸಿರು ತಂತಿ ಬಳಸುವುದು ರೂಢಿ. ಫೇಸ್ ಎಂದರೆ ಬರುವ ದಾರಿ. ಭೂಮಿಗೆ ಹೋಲಿಸಿದರೆ ಅದರ ಒತ್ತಡ 230 ವೋಲ್ಟ್. ನ್ಯೂಟ್ರಲ್ ಎಂದರೆ ಹಿಂತಿರುಗುವ ದಾರಿ. ಇದನ್ನು ಟ್ರಾನ್ಸ್‌ಫಾರ್ಮರ್ ಬಳಿ ಭೂಮಿಗೆ ಜೋಡಿಸಿರುವುದರಿಂದ ಎಲ್ಲವೂ ಸರಿಯಿದ್ದಾಗ ಇದರ ಒತ್ತಡ ಸೊನ್ನೆಗೆ ಸಮೀಪವಿರುತ್ತದೆ. ಆದರೂ ಬಂದ ವಿದ್ಯುತ್ತೆಲ್ಲ ಇದರಲ್ಲಿಯೇ ಮರಳುತ್ತದೆ ಎಂಬುದನ್ನು ಮರೆಯಬಾರದು. ಅರ್ಥ್ ತಂತಿಯಲ್ಲಿ ಮಾತ್ರ ದಿನನಿತ್ಯ ಏನೂ ಹರಿಯಬಾರದು. ಅದು ಕಾಲುವೆಯ ಕೋಡಿ ಇದ್ದಂತೆ, ಒಡ್ಡು ಒಡೆದ ದಿನಕ್ಕಾಗಿ ಕಾದಿರುತ್ತದೆ.

ಈಗ ಹಾಳೆಯ ಬಲಭಾಗದಲ್ಲಿ ಮೂರು ರಂಧ್ರದ ಸಾಕೆಟ್ ಬರೆಯಿರಿ. ಎದುರಿಗೆ ನಿಂತು ನೋಡಿದಾಗ ಮೇಲಿನ ದೊಡ್ಡ ರಂಧ್ರ ಅರ್ಥ್, ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್. ಫೇಸ್ ಗೆರೆಯಿಂದ ಒಂದು ತಂತಿ ಇಳಿದು ಮೊದಲು ಸ್ವಿಚ್ಚಿಗೆ, ಅಲ್ಲಿಂದ ಬಲ ರಂಧ್ರಕ್ಕೆ ಹೋಗಬೇಕು. ನ್ಯೂಟ್ರಲ್ ಮತ್ತು ಅರ್ಥ್ ಯಾವ ಸ್ವಿಚ್ಚನ್ನೂ ದಾಟದೆ ನೇರವಾಗಿ ತಮ್ಮ ರಂಧ್ರಗಳಿಗೆ ಬರಬೇಕು. ಪ್ಲಗ್ಗಿನ ಮೇಲಿನ ಪಿನ್ನು ಉದ್ದವಾಗಿರುವುದೇಕೆಂದರೆ, ಕೂಲರ್‌ನ ತಗಡಿಗೆ ಅರ್ಥ್ ಮೊದಲು ತಾಗಿ, ಆಮೇಲೆ ವಿದ್ಯುತ್ ಬರಲಿ ಎಂದು. ಆ ಪಿನ್ನನ್ನು ಕಿತ್ತೆಸೆದು, ಉಳಿದೆರಡನ್ನು ಎರಡು ರಂಧ್ರದ ಸಾಕೆಟ್ಟಿಗೆ ತುರುಕುವ ಮನೆಗಳು ಕಡಿಮೆಯೇನಿಲ್ಲ.

ಸ್ವಿಚ್ಚು ಫೇಸಿನಲ್ಲಿಯೇ ಇರಬೇಕೆಂಬ ನಿಯಮದ ಕಾರಣವನ್ನು ಟೂ ವೇ ಸ್ವಿಚ್ಚಿನ ಚಿತ್ರದಲ್ಲಿ ಚೆನ್ನಾಗಿ ಕಾಣಬಹುದು. ಮಾಳಿಗೆಯ ಮೆಟ್ಟಿಲಿಗೆ ಒಂದು ದೀಪ. ಕೆಳಗೆ ಒಂದು ಸ್ವಿಚ್ಚು, ಮೇಲೆ ಒಂದು. ಸಾಮಾನ್ಯ ಸ್ವಿಚ್ಚಿಗೆ ಎರಡು ಕಚ್ಚುಗಳಿದ್ದರೆ ಟೂ ವೇ ಸ್ವಿಚ್ಚಿಗೆ ಮೂರು. ನಡುವಿನದು ಸಾಮಾನ್ಯ ಕಚ್ಚು. ಗುಂಡಿಯನ್ನು ಒತ್ತಿದಂತೆ ಅದು ಒಮ್ಮೆ ಮೇಲಿನದಕ್ಕೆ, ಒಮ್ಮೆ ಕೆಳಗಿನದಕ್ಕೆ ಕೂಡಿಕೊಳ್ಳುತ್ತದೆ. ಫೇಸ್ ತಂತಿಯನ್ನು ಕೆಳಗಿನ ಸ್ವಿಚ್ಚಿನ ನಡುಕಚ್ಚಿಗೆ ಕೊಡಬೇಕು. ಎರಡೂ ಸ್ವಿಚ್ಚುಗಳ ಮೇಲಿನ ಕಚ್ಚುಗಳನ್ನು ಒಂದು ತಂತಿಯಿಂದ, ಕೆಳಗಿನ ಕಚ್ಚುಗಳನ್ನು ಇನ್ನೊಂದು ತಂತಿಯಿಂದ ಜೋಡಿಸಬೇಕು. ಮಾಳಿಗೆಯ ಸ್ವಿಚ್ಚಿನ ನಡುಕಚ್ಚಿನಿಂದ ಹೊರಟ ತಂತಿ ದೀಪದ ಹೋಲ್ಡರಿಗೆ ಹೋಗುತ್ತದೆ. ಹೋಲ್ಡರಿನ ಇನ್ನೊಂದು ಕಡೆಗೆ ನ್ಯೂಟ್ರಲ್ ನೇರವಾಗಿ ಬರುತ್ತದೆ.

ಬೆರಳಿನಿಂದ ಫೇಸಿನ ಜಾಡು ಹಿಡಿಯಿರಿ. ಎರಡೂ ಸ್ವಿಚ್ಚುಗಳು ಮೇಲಿನ ತಂತಿಗೆ ಕೂಡಿದ್ದರೆ ದಾರಿ ಪೂರ್ತಿಯಾಗುತ್ತದೆ, ದೀಪ ಹತ್ತುತ್ತದೆ. ಎರಡೂ ಕೆಳಗಿನ ತಂತಿಗೆ ಕೂಡಿದ್ದರೂ ಹತ್ತುತ್ತದೆ. ಒಂದು ಮೇಲೆ, ಒಂದು ಕೆಳಗೆ ಇದ್ದರೆ ದಾರಿ ಮುರಿದು ದೀಪ ಆರುತ್ತದೆ. ಯಾವ ಸ್ವಿಚ್ಚನ್ನು ಒತ್ತಿದರೂ ದೀಪದ ಸ್ಥಿತಿ ಬದಲಾಗುವುದು ಇದರಿಂದಲೇ. ಮಾಳಿಗೆಯ ಸ್ವಿಚ್ಚು ಒಂದು ಕಡೆ ಇದ್ದಾಗ ಮಾತ್ರ ಕೆಳಗಿನದು ಕೆಲಸ ಮಾಡುತ್ತದೆ, ಇಲ್ಲದಿದ್ದರೆ ಮಾಡುವುದಿಲ್ಲ ಎಂದಾದರೆ, ನಡುಕಚ್ಚಿಗೆ ಬರಬೇಕಾದ ತಂತಿಯನ್ನು ಬದಿಯ ಕಚ್ಚಿಗೆ ಹಾಕಲಾಗಿದೆ ಎಂದು ತಿಳಿಯಬಹುದು.

ತಂತಿ ಉಳಿಸುವ ಆಸೆಯಿಂದ ಮಾಡುವ ಇನ್ನೊಂದು ಜೋಡಣೆ ಉಂಟು. ಎರಡೂ ಸ್ವಿಚ್ಚುಗಳ ಬದಿಯ ಕಚ್ಚುಗಳಿಗೆ ಅಲ್ಲಲ್ಲಿಯೇ ಸಿಗುವ ಫೇಸ್ ಮತ್ತು ನ್ಯೂಟ್ರಲ್ ಕೊಟ್ಟು, ಎರಡು ನಡುಕಚ್ಚುಗಳ ನಡುವೆ ದೀಪವನ್ನು ಕಟ್ಟುವುದು. ದೀಪವೇನೋ ಹತ್ತುತ್ತದೆ, ಆರುತ್ತದೆ. ಆದರೆ ಎರಡು ನಡುಕಚ್ಚುಗಳೂ ಫೇಸಿಗೆ ಕೂಡಿದಾಗಲೂ ದೀಪ ಆರಿಯೇ ಇರುತ್ತದೆ. ಆಗ ಹೋಲ್ಡರಿನ ಎರಡೂ ಕಡೆ 230 ವೋಲ್ಟ್ ನಿಂತಿರುತ್ತದೆ. ಆರಿದೆ ಎಂದು ನಂಬಿ ಬಲ್ಬು ಬದಲಿಸಲು ಹೋದವರ ಬೆರಳು ಅಲ್ಲಿಗೆ ತಾಗಬಹುದು. ಈ ಜೋಡಣೆಯನ್ನು ಯಾವ ಕಾರಣಕ್ಕೂ ಒಪ್ಪಬಾರದು. ವೈರ್‌ಮನ್ ಎದುರಿಗೇ ಬಲ್ಬು ತೆಗೆಸಿ, ದೀಪ ಆರುವ ಎರಡೂ ಸ್ಥಿತಿಗಳಲ್ಲಿ ಹೋಲ್ಡರಿನ ಕಡ್ಡಿಗಳಿಗೆ ಟೆಸ್ಟರ್ ಹಿಡಿಸಿ ನೋಡಬೇಕು. ಯಾವ ಸ್ಥಿತಿಯಲ್ಲಾದರೂ ಟೆಸ್ಟರ್ ಪ್ರಖರವಾಗಿ ಉರಿದರೆ ಜೋಡಣೆ ತಪ್ಪು. ತೀರ ಮಂಕಾದ ಬೆಳಕು ಕಂಡರೆ ಗಾಬರಿ ಬೇಡ. ಅಕ್ಕಪಕ್ಕದಲ್ಲಿ ಓಡುವ ತಂತಿಯ ಪ್ರಭಾವದಿಂದಲೂ ಹಾಗಾಗುತ್ತದೆ. ಎಲ್.ಇ.ಡಿ. ಬಲ್ಬು ಆರಿಸಿದ ಮೇಲೂ ಮಿಣುಕುವುದಕ್ಕೆ ಇದೂ ಒಂದು ಕಾರಣ.

ಮತ್ತೆ ಸಾಕೆಟ್ಟಿಗೆ ಬರೋಣ. ಅಲ್ಲಿ ಆಗುವ ಅತಿ ಕೆಟ್ಟ ತಪ್ಪು ಒಂದು ಗೇಣಿಗಿಂತ ಚಿಕ್ಕ ತಂತಿಯ ತುಂಡಿನದು. ಮನೆಯಲ್ಲಿ ಅರ್ಥಿಂಗ್ ಇಲ್ಲದಾಗ ಎಡ ರಂಧ್ರದ ನ್ಯೂಟ್ರಲಿನಿಂದ ಮೇಲಿನ ರಂಧ್ರಕ್ಕೆ ಒಂದು ತುಂಡು ತಂತಿ ಹಾಕಿ ‘ಅರ್ಥ್ ಕೊಟ್ಟಿದೆ’ ಎನ್ನುವುದುಂಟು. ನ್ಯೂಟ್ರಲ್ ಭೂಮಿಗೆ ಸೇರಿದೆಯಲ್ಲ ಎಂಬುದು ಅದರ ಸಮರ್ಥನೆ. ಆದರೆ ಕಂಬದ ಮೇಲೋ ಮೀಟರ್ ಬಳಿಯೋ ನ್ಯೂಟ್ರಲ್ ಸಡಿಲಾಗಿ ಕಡಿದುಕೊಂಡಿತೆನ್ನಿ. ಆಗ ಹತ್ತಿಸಿಟ್ಟ ಯಾವುದಾದರೂ ಒಂದು ದೀಪದ ಮೂಲಕ ಫೇಸಿನ ಒತ್ತಡ ಕಡಿದ ನ್ಯೂಟ್ರಲಿಗೆ ಬರುತ್ತದೆ. ಆ ತುಂಡಿನ ಮೂಲಕ ಕೂಲರ್‌ನ ತಗಡಿಗೂ ಬರುತ್ತದೆ. ಕೂಲರ್‌ನಲ್ಲಿ ಯಾವ ದೋಷವೂ ಇರಬೇಕಾಗಿಲ್ಲ. ಮನೆಯ ದೀಪಗಳೆಲ್ಲ ಆರಿದ್ದರಿಂದ ‘ಕರೆಂಟ್ ಹೋಯಿತು’ ಎಂದುಕೊಂಡು ಮುಟ್ಟಿದವರಿಗೆ ಹೊಡೆಯುತ್ತದೆ. ಬೋರ್ಡು ಬಿಚ್ಚಿದಾಗ ಇಂಥ ತುಂಡು ಕಂಡರೆ ಅಂದೇ ತೆಗೆಸಬೇಕು.

ಸರಿಯಾದ ಅರ್ಥ್ ತಂತಿ ಇದ್ದರೂ ಅದು ಸೇರುವ ನೆಲ ಹೇಗಿದೆ ಎಂಬುದು ಮುಖ್ಯ. ಒಂದು ಲೆಕ್ಕ ಮಾಡಿ ನೋಡಬಹುದು. ಬೇಸಿಗೆಯಲ್ಲಿ ಒಣಗಿದ ಗುಂಡಿಯ ತಡೆ 40 ಓಮ್, ಟ್ರಾನ್ಸ್‌ಫಾರ್ಮರ್ ಬಳಿಯ ಅರ್ಥಿನ ತಡೆ 6 ಓಮ್ ಎಂದಿಟ್ಟುಕೊಳ್ಳಿ. ಕೂಲರ್‌ನ ಫೇಸ್ ತಂತಿ ಸುಲಿದು ತಗಡಿಗೆ ತಾಗಿತು. 230ನ್ನು 46ರಿಂದ ಭಾಗಿಸಿದರೆ 5 ಆಂಪಿಯರ್. ಈ ಸಾಕೆಟ್ಟಿನ ದಾರಿಯಲ್ಲಿರುವುದು 16 ಆಂಪಿಯರಿನ ಎಂ.ಸಿ.ಬಿ. ಆದರೆ, ಅದಕ್ಕೆ 5 ಆಂಪಿಯರ್ ಮಾಮೂಲಿನ ಹೊರೆ. ಅದು ಬೀಳುವುದೇ ಇಲ್ಲ. ಕೂಲರ್ ತಿರುಗುತ್ತಲೇ ಇರುತ್ತದೆ. ತಗಡಿನ ಮೇಲೆ ಮಾತ್ರ 5 ಗುಣಿಸು 40, ಅಂದರೆ 200 ವೋಲ್ಟ್ ನಿಂತಿರುತ್ತದೆ. ಒದ್ದೆ ಮೈಯ ತಡೆ ಸುಮಾರು 1000 ಓಮ್ ಎಂದು ಹಿಡಿದರೆ, ಮುಟ್ಟಿದವರ ಮೈಯಲ್ಲಿ 200 ಮಿಲಿ ಆಂಪಿಯರ್ ಹರಿಯುತ್ತದೆ. ಪ್ರಾಣ ಹೋಗಲು ಅದರಲ್ಲಿ ಅರ್ಧವೂ ಬೇಕಾಗಿಲ್ಲ.

ಇಂಥ ಗುಂಡಿಯನ್ನು 100 ವ್ಯಾಟಿನ ಹಳೆಯ ತಂತಿಬಲ್ಬಿನಿಂದ ಪರೀಕ್ಷಿಸಿದರೆ ಅದು ಮೋಸ ಮಾಡುತ್ತದೆ. ಆ ಬಲ್ಬು ಎಳೆಯುವುದು ಅರ್ಧ ಆಂಪಿಯರಿಗಿಂತಲೂ ಕಡಿಮೆ. 40 ಓಮ್ ಅದಕ್ಕೆ ಲೆಕ್ಕಕ್ಕೇ ಬರದೆ ಹೆಚ್ಚುಕಡಿಮೆ ಪೂರ್ತಿ ಬೆಳಗುತ್ತದೆ. ಬಲ್ಬು ಮಂಕಾದರೆ ಅರ್ಥಿಂಗ್ ತೀರ ಕೆಟ್ಟಿದೆ ಎಂದು ತಿಳಿಯಬಹುದೇ ಹೊರತು, ಬೆಳಗಿದ ಮಾತ್ರಕ್ಕೆ ಒಳ್ಳೆಯದಿದೆ ಎನ್ನುವಂತಿಲ್ಲ. ಅದನ್ನು ಅಳೆಯಲು ಅರ್ಥ್ ಟೆಸ್ಟರ್ ಎಂಬ ಉಪಕರಣವೇ ಬೇಕು.

ಈ ಮೂರು ತಾಲ್ಲೂಕುಗಳಲ್ಲಿ ನೆಲದ ಗುಣ ಒಂದೇ ತೆರನಲ್ಲ. ಮಳೆಯಾಶ್ರಿತ ಎರೆಭೂಮಿ ತೇವವಿದ್ದಾಗ ಅರ್ಥಿಂಗ್‌ಗೆ ಬಹಳ ಒಳ್ಳೆಯದು. ಆದರೆ ಬೇಸಿಗೆಯಲ್ಲಿ ಬಿರಿದು ಪೈಪಿನಿಂದ ದೂರ ಸರಿಯುತ್ತದೆ. ಪೈಪಿನ ಸುತ್ತ ಬೆರಳು ಹೋಗುವಷ್ಟು ಸಂದು ಕಂಡರೆ ಮೇಲ್ಭಾಗದ ಸಂಪರ್ಕ ತಪ್ಪಿತೆಂದೇ ಅರ್ಥ. ಇಲ್ಲಿ ಎರಡೂವರೆ ಮೀಟರ್ ಉದ್ದದ ಜಿ.ಐ. ಪೈಪನ್ನು ಪೂರ್ತಿ ಇಳಿಸಿ, ಸುತ್ತ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಬೇಕು. ಗುಂಡಿಯನ್ನು ಬಚ್ಚಲ ನೀರು ಹರಿಯುವ ಕಡೆ ತೋಡಿದರೆ ಬೇಸಿಗೆಯಲ್ಲಿ ನೀರು ಹಾಕುವ ನೆನಪು ತಪ್ಪಿದರೂ ನಡೆದೀತು. ಲಿಂಗಸುಗೂರು ಮತ್ತು ಮಸ್ಕಿಯ ಗುಡ್ಡದ ಬದಿಯ ಮಸಾರಿ ನೆಲದಲ್ಲಿ ಸ್ವಲ್ಪ ಆಳಕ್ಕೇ ಗರಸು, ಬಂಡೆ ಸಿಗಬಹುದು. ಆಗ ಅರ್ಧಕ್ಕೆ ಪೈಪು ಕತ್ತರಿಸಿ ಮುಗಿಸಿಬಿಡುವುದು ಸರಿಯಲ್ಲ. ಅರ್ಧ ಮೀಟರಿಗೂ ಹೆಚ್ಚು ಆಳದ ಉದ್ದ ಕಾಲುವೆ ತೋಡಿ, ಜಿ.ಐ. ಪಟ್ಟಿಯನ್ನು ಸುಮಾರು 15 ಮೀಟರ್ ಅಡ್ಡಲಾಗಿ ಹೂತು, ಒಳ್ಳೆಯ ಮಣ್ಣು ತುಂಬಬೇಕು. ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳ ನಡುವೆ ತೇವಕ್ಕೆ ಬರವಿಲ್ಲ. ಆದರೆ ಸವುಳಾದ ನೆಲ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಅಲ್ಲಿ ಕೆಡುವುದು ಪೈಪಿಗಿಂತ ಮೊದಲು ಪೈಪಿಗೂ ತಂತಿಗೂ ಇರುವ ಬೋಲ್ಟು.

ಗುಂಡಿ ಎಷ್ಟೇ ಚೆನ್ನಾಗಿದ್ದರೂ ಮನೆಗುಂಡಿಯ ತಡೆಯನ್ನು ಎಂ.ಸಿ.ಬಿ. ಬೀಳುವಷ್ಟು ಇಳಿಸುವುದು ಕಷ್ಟ. ಆದುದರಿಂದ ಹಾಳೆಯ ಎಡ ತುದಿಯಲ್ಲಿ, ಮೇನ್ ಸ್ವಿಚ್ಚಿನ ನಂತರ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಸುತ್ತುವಂತೆ ಒಂದು ಪೆಟ್ಟಿಗೆ ಬರೆಯಿರಿ. ಇದು 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಅರ್ಥ್ ಗೆರೆ ಅದರೊಳಗೆ ಹೋಗಕೂಡದು. ಫೇಸಿನಲ್ಲಿ ಹೋದಷ್ಟು ವಿದ್ಯುತ್ ನ್ಯೂಟ್ರಲಿನಲ್ಲಿ ಮರಳಿತೇ ಎಂದು ಇದು ತಾಳೆ ನೋಡುತ್ತದೆ. ವ್ಯತ್ಯಾಸ 30 ಮಿಲಿ ಆಂಪಿಯರ್ ಮುಟ್ಟುವುದರೊಳಗೆ ಎರಡನ್ನೂ ಕಡಿಯುತ್ತದೆ. ಮೇಲಿನ ಲೆಕ್ಕದ 5 ಆಂಪಿಯರ್ ಸೋರಿಕೆಯಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಬಿದ್ದಿರುತ್ತದೆ, ಯಾರೂ ಮುಟ್ಟುವ ಮೊದಲೇ. ಅರ್ಥ್ ತಂತಿಯೇ ಇಲ್ಲದ ಮನೆಯಲ್ಲಾದರೆ ಸೋರಿದ್ದು ಹರಿಯಲು ದಾರಿ ಇಲ್ಲ. ಮನುಷ್ಯ ಮುಟ್ಟಿ ತಾನೇ ದಾರಿಯಾದ ಮೇಲಷ್ಟೇ ಅದು ಬೀಳುತ್ತದೆ. ನ್ಯೂಟ್ರಲಿಗೆ ತುಂಡು ತಂತಿ ಹಾಕಿದ ಸಾಕೆಟ್ಟಿನಲ್ಲಿ ಸೋರಿದ್ದೂ ನ್ಯೂಟ್ರಲಿನಲ್ಲೇ ಮರಳುವುದರಿಂದ ಲೆಕ್ಕ ತಾಳೆಯಾಗಿ, ಪೆಟ್ಟಿಗೆ ಮೋಸ ಹೋಗುತ್ತದೆ.

ಆರ್.ಸಿ.ಸಿ.ಬಿ. ಮೇಲೆ ‘ಟಿ’ ಎಂದು ಗುರುತು ಮಾಡಿದ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿದಾಗ ಅದು ಬೀಳಬೇಕು, ಬೀಳದಿದ್ದರೆ ಬದಲಿಸಬೇಕು. ಆದರೆ ಆ ಗುಂಡಿ ಪರೀಕ್ಷಿಸುವುದು ಪೆಟ್ಟಿಗೆಯನ್ನು ಮಾತ್ರ, ಹಿತ್ತಲಿನ ಅರ್ಥಿಂಗನ್ನಲ್ಲ. ಹಿತ್ತಲಿನದನ್ನು ಪ್ರತಿವರ್ಷ ಕೂಲರ್ ಹೊರತೆಗೆಯುವ ಮುನ್ನ, ಫೆಬ್ರವರಿ ಹೊತ್ತಿಗೆ ನೋಡಿಕೊಳ್ಳುವುದು ಅನುಕೂಲ. ವೈರ್‌ಮನ್ ಮೇನ್ ಸ್ವಿಚ್ ಆರಿಸಿ, ಗುಂಡಿಯ ಬೋಲ್ಟು ಬಿಚ್ಚಿ, ತುಕ್ಕನ್ನು ಉಜ್ಜಿ ತೆಗೆದು, ಮತ್ತೆ ಬಿಗಿಮಾಡಿ, ಮೇಲೆ ಗ್ರೀಸ್ ಸವರಬೇಕು. ನಂತರ ಪೈಪಿನ ಬಾಯಿಗೆ ಎರಡು ಮೂರು ಕೊಡ ನೀರು ಹಾಕಿ, ಅದು ನಿಧಾನವಾಗಿ ಇಂಗುವುದನ್ನು ನೋಡಬೇಕು. ಹಾಕಿದ ನೀರು ಒಮ್ಮೆಲೇ ಮಾಯವಾದರೆ ಕೆಳಗೆ ಬಿರುಕು ಇದೆ ಎಂದು ತಿಳಿದು, ನುಣುಪಾದ ಹಸಿ ಮಣ್ಣು ತುಂಬಿ ಗಟ್ಟಿಸಬೇಕು.