ಸೀರೆಯ ಫೋಟೊದಲ್ಲಿ ಕುಚ್ಚು ಯಾಕೆ ಮಾಯವಾಗುತ್ತದೆ? ಜರಿ ಎಳೆ ಉಳಿಸುವುದು ಹೇಗೆ?

“ಒಂದೇ ಟಚ್‌ನಲ್ಲಿ ಫೋಟೊದ ಬ್ಯಾಕ್‌ಗ್ರೌಂಡ್ ತೆಗೆಯಿರಿ” ಎಂಬ ಟಿಪ್ಸ್ ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇರುತ್ತವೆ. ಇದು ನಿಜವೇ? ಸೀರೆಯ ಒಡಲಿನ ಮಟ್ಟಿಗೆ ಹೌದು. ಆದರೆ ಸೆರಗಿನ ತುದಿಯ ಜರಿ ಕುಚ್ಚು ಕತ್ತರಿ ಆಡಿಸಿದಂತೆ ಮೊಂಡಾಗುತ್ತದೆ. ಫೋಟೊ ನೋಡಿದ ಗಿರಾಕಿ “ಇದಕ್ಕೆ ಕುಚ್ಚು ಕಟ್ಟಿಲ್ಲವೇ?” ಎಂದು ಕೇಳುತ್ತಾರೆ.

ಕಾರಣ ಸರಳ. ಫೋಟೊ ಎಂದರೆ ಬಣ್ಣದ ಚುಕ್ಕಿಗಳ ಸಾಲು. ಬಿಡಿ ಎಳೆ ಹಲವು ಸಲ ಒಂದು ಚುಕ್ಕಿಗಿಂತಲೂ ತೆಳ್ಳಗಿರುತ್ತದೆ. ಆಗ ಆ ಚುಕ್ಕಿಯಲ್ಲಿ ಅರ್ಧ ಜರಿ, ಅರ್ಧ ಗೋಡೆ ಬೆರೆತಿರುತ್ತವೆ. ಅದನ್ನು ಪೂರ್ತಿ ಇಟ್ಟರೆ ಗೋಡೆಯ ಬಿಳುಪು ಅಂಟಿಕೊಂಡು ಬರುತ್ತದೆ, ಪೂರ್ತಿ ತೆಗೆದರೆ ಎಳೆಯೇ ಹೋಗುತ್ತದೆ. ಅದನ್ನು ಅರೆಪಾರದರ್ಶಕವಾಗಿ ಇಡುವುದೇ ಸರಿಯಾದ ದಾರಿ.

ಬಿಳಿ ಗೋಡೆಯ ಮುಂದೆ ಇಳಿಬಿಟ್ಟ, ಚಿನ್ನದ ಬಣ್ಣದ ಕುಚ್ಚಿರುವ ಮರೂನ್ ರೇಷ್ಮೆ ಸೀರೆಯನ್ನು ತೆಗೆದುಕೊಳ್ಳಿ. ಬಿಳಿಯಲ್ಲಿ ಕೆಂಪು, ಹಸಿರು, ನೀಲಿ ಮೂರೂ ತುಂಬಿರುತ್ತವೆ. ಚಿನ್ನದ ಬಣ್ಣದಲ್ಲಿ ನೀಲಿ ಮಾತ್ರ ಕಡಿಮೆ. ಹಾಗಾಗಿ ನೀಲಿ ಅಂಶವನ್ನಷ್ಟೇ ನೋಡಿದರೆ ಗೋಡೆ ಬೆಳ್ಳಗೂ ಎಳೆಗಳು ಕಪ್ಪಗೂ ಕಾಣುತ್ತವೆ.

ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ GIMP ಬಳಸಿ ಹೀಗೆ ಮಾಡಿ:

1. ಫೋಟೊದ ಲೇಯರ್ ನಕಲು ಮಾಡಿ. ನಕಲಿನ ಮೇಲೆ Colors > Components > Extract Component ತೆರೆದು RGB Blue ಆರಿಸಿ. ನಂತರ Colors > Invert ಕೊಡಿ.
2. Colors > Levels ನಲ್ಲಿ ಗೋಡೆ ಕಪ್ಪಾಗುವವರೆಗೆ, ಎಳೆಯ ನಡುಭಾಗ ಬೆಳ್ಳಗಾಗುವವರೆಗೆ ಮಾತ್ರ ಸರಿಸಿ. ಅಂಚಿನ ಬೂದು ಬಣ್ಣ ಉಳಿಯಲೇಬೇಕು. ಅದೇ ಅರೆಪಾರದರ್ಶಕ ಭಾಗ.
3. ಹೊಳೆಯುವ ಜರಿ ಬೆಳಕು ಬಿದ್ದು ಬಿಳಿಯಾಗಿರುವ ಕಡೆ ಈಗ ಕಪ್ಪು ತೂತುಗಳು ಕಾಣುತ್ತವೆ. ಸೀರೆಯ ಒಡಲನ್ನೆಲ್ಲ ಬ್ರಷ್‌ನಿಂದ ಬಿಳಿ ಮಾಡಿ. ಕುಚ್ಚಿನ ಸಂದುಗಳನ್ನು ಮುಟ್ಟಬೇಡಿ.
4. ಈ ಚಿತ್ರವನ್ನು ಕಾಪಿ ಮಾಡಿ, ಮೂಲ ಲೇಯರಿಗೆ Add Layer Mask ಕೊಟ್ಟು ಅದರಲ್ಲಿ ಅಂಟಿಸಿ, Anchor ಮಾಡಿ. ನಕಲು ಲೇಯರನ್ನು ಮರೆಮಾಡಿ.

ಈಗ ಹಿಂದೆ ಕಪ್ಪು ಲೇಯರ್ ಇಟ್ಟು ನೋಡಿ. ಎಳೆಗಳ ಸುತ್ತ ಬಿಳಿ ಅಂಚು ಕಂಡರೆ, ಅದು ಚುಕ್ಕಿಯಲ್ಲಿ ಉಳಿದ ಗೋಡೆಯ ಬಣ್ಣ. ಎಳೆಯಿಂದಲೇ ಚಿನ್ನದ ಬಣ್ಣ ಆರಿಸಿ, ಮಾಸ್ಕ್ ಬಿಟ್ಟು ಚಿತ್ರದ ಮೇಲೆ ಆ ಅಂಚಿಗೆ ಬಳಿಯಿರಿ. ಆಕಾರವನ್ನು ಮಾಸ್ಕ್ ಕಾಯುವುದರಿಂದ ಬಣ್ಣ ಹೊರಗೆ ಚೆಲ್ಲುವುದಿಲ್ಲ.

ಈ ಉಪಾಯಕ್ಕೂ ಮಿತಿಯಿದೆ. ಕೆನೆಬಣ್ಣದ ಗೋಡೆ, ಹಳದಿ ಬಲ್ಬು ಅಥವಾ ಹಿಂದೆ ಇನ್ನೊಂದು ಜರಿ ಸೀರೆ ಇದ್ದರೆ ನೀಲಿಯಲ್ಲೂ ವ್ಯತ್ಯಾಸ ಸಿಗದು. ಅಂಥ ಫೋಟೊವನ್ನು ಬಿಳಿ ಬಟ್ಟೆಯ ಮುಂದೆ, ಹಗಲಿನ ನೆರಳಿನಲ್ಲಿ ಮತ್ತೆ ತೆಗೆಯುವುದೇ ಮೇಲು. ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೊವಾಗಿ ಬಂದದ್ದು ಕುಗ್ಗಿರುತ್ತದೆ, ಸಣ್ಣ ಎಳೆಗಳು ಅಲ್ಲೇ ಕಲಸಿಹೋಗಿರುತ್ತವೆ. ಅಂಗಡಿಯವರಿಂದ ಡಾಕ್ಯುಮೆಂಟ್ ರೂಪದಲ್ಲಿ ತರಿಸಿಕೊಳ್ಳಿ. ಕೊನೆಗೆ PNG ಆಗಿ ಉಳಿಸಿ. JPEG ಪಾರದರ್ಶಕತೆಯನ್ನು ಇಟ್ಟುಕೊಳ್ಳುವುದಿಲ್ಲ.