ರಕ್ತವರದಿಯ ಒಂದು ಸಾಲು, ಕನ್ನಡದಲ್ಲಿ

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಮೊದಲು ಗುರುತಿಸಲ್ಪಟ್ಟಿತು. ಆ ಕಾಯಿಲೆಯಲ್ಲಿ ಪ್ಲೇಟ್‌ಲೆಟ್‌ಗಳು, ಅಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳು, ಕಡಿಮೆಯಾಗುವುದುಂಟು. ಆದಕಾರಣ ಜ್ವರದ ವರದಿ ಕೈಗೆ ಬಂದೊಡನೆ ನಮ್ಮವರ ಕಣ್ಣು ಆ ಸಾಲಿಗೇ ಹೋಗುತ್ತದೆ.

ಈಚೆಗೆ ಸೊರಬದ ಕಡೆಯ ಹಿರಿಯರೊಬ್ಬರು ಮಗನ ಎರಡು ವರದಿಗಳನ್ನು ತಂದರು. ಮೊದಲನೆಯದರಲ್ಲಿ 1.42 ಲಕ್ಷ ಎಂದಿತ್ತು. ಮರುದಿನ ಶಿಕಾರಿಪುರದಲ್ಲಿ ಮಾಡಿಸಿದ್ದರಲ್ಲಿ 138 ಎಂದೂ, ಪಕ್ಕದಲ್ಲಿ L ಎಂದೂ ಇತ್ತು. “ಲಕ್ಷ ಇದ್ದದ್ದು ಒಂದೇ ದಿನದಲ್ಲಿ ನೂರಕ್ಕಿಳಿಯಿತಲ್ಲ ಡಾಕ್ಟ್ರೇ” ಎಂದು ಕಣ್ಣೀರು ತಂದುಕೊಂಡರು.

ಅಂಕಿಯ ಮುಂದಿನ ಮಾನವನ್ನು ಅವರಿಗೆ ಯಾರೂ ಓದಿ ಹೇಳಿರಲಿಲ್ಲ. ಅಲ್ಲಿ 10³/µL ಎಂದಿತ್ತು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇಷ್ಟು ಸಾವಿರ ಕಣಗಳು ಎಂಬುದು ಅದರ ಅರ್ಥ. 138 ಸಾವಿರವೆಂದರೆ 1.38 ಲಕ್ಷ. ಎರಡು ವರದಿಗಳ ನಡುವಣ ಅಂತರ ಕೇವಲ ನಾಲ್ಕು ಸಾವಿರ.

ಇನ್ನು L ಎಂಬ ಗುರುತು. ವಯಸ್ಕರ ಉಲ್ಲೇಖ ಮಿತಿ ಸಾಮಾನ್ಯವಾಗಿ 1.5ರಿಂದ 4.5 ಲಕ್ಷ. ಆರೋಗ್ಯವಂತರ ರಕ್ತವನ್ನು ಪರೀಕ್ಷಿಸಿ, ನಡುವಿನ ನೂರಕ್ಕೆ 95 ಜನರ ಅಂಕಿಗಳನ್ನು ಒಳಗಿಟ್ಟು ಇಂತಹ ಮಿತಿಯನ್ನು ಗೊತ್ತುಪಡಿಸುತ್ತಾರೆ. ಆದುದರಿಂದ ಆರೋಗ್ಯವಂತರಲ್ಲೂ ಕೆಲವರು ಅದರ ಹೊರಗುಳಿಯುತ್ತಾರೆ. L ಎಂದರೆ ‘ಮಿತಿಗಿಂತ ಕಡಿಮೆ’ ಎಂದಷ್ಟೇ. ಅದು ಯಾವ ರೋಗದ ಹೆಸರೂ ಅಲ್ಲ. ಡೆಂಗಿಯಲ್ಲಿಯೂ ಈ ಅಂಕಿ ಇಳಿಯುತ್ತದೆ. ಮಂಗನ ಕಾಯಿಲೆಯನ್ನು ಖಚಿತಪಡಿಸುವ ಪರೀಕ್ಷೆಯೇ ಬೇರೆ.

ವರದಿಯ ಅಂಚಿನಲ್ಲಿ ನಾನು ಬರೆದುಕೊಟ್ಟದ್ದು ಇಷ್ಟೇ: “ಪ್ಲೇಟ್‌ಲೆಟ್ 1.38 ಲಕ್ಷ, ಮಿತಿಯ ಕೆಳಅಂಚಿಗಿಂತ 12 ಸಾವಿರ ಕಡಿಮೆ.” ಅದರಾಚೆಗಿನ ಮಾತು ರೋಗಿಯನ್ನು ನೋಡುತ್ತಿರುವ ವೈದ್ಯರದು.