ತಾಗುವ ರ, ನಡುಗುವ ರ

ಲ ಮತ್ತು ರ ಎರಡಕ್ಕೂ ನಾಲಿಗೆಯ ತುದಿ ಬಂದು ನಿಲ್ಲುವ ಜಾಗ ಹೆಚ್ಚುಕಡಿಮೆ ಒಂದೇ. ಮೇಲಿನ ಮುಂಬಲ್ಲುಗಳ ಹಿಂದೆ ವಸಡು ಸಣ್ಣ ದಿಣ್ಣೆಯಂತೆ ಉಬ್ಬಿರುತ್ತದೆ. ತುದಿ ಮುಟ್ಟುವುದು ಅಲ್ಲಿಗೇ. ಎರಡು ಧ್ವನಿಗಳನ್ನು ಬೇರೆ ಮಾಡುವುದು ಉಸಿರು ಹೊರಗೆ ಹೋಗುವ ದಾರಿ. ಲ ಎನ್ನುವಾಗ ತುದಿ ಅಂಟಿಕೊಂಡಿರುತ್ತದೆ, ನಾಲಿಗೆಯ ಅಂಚುಗಳು ಕೆಳಗಿಳಿದಿರುತ್ತವೆ, ಗಾಳಿ ಪಕ್ಕಗಳಿಂದ ಸೋರುತ್ತದೆ. ವ್ಯಾಕರಣದಲ್ಲಿ ಇದನ್ನು ಪಾರ್ಶ್ವಿಕ ಎನ್ನುವುದು ಇದಕ್ಕಾಗಿಯೇ. ರ ಎನ್ನುವಾಗ ಇದು ತಿರುವುಮುರುವಾಗುತ್ತದೆ: ಅಂಚುಗಳು ಮೇಲಿನ ದವಡೆ ಹಲ್ಲುಗಳಿಗೆ ಒತ್ತಿ ಪಕ್ಕಗಳನ್ನು ಮುಚ್ಚುತ್ತವೆ, ಗಾಳಿ ನಡುವಿನಿಂದ ತುದಿಯ ಮೇಲೆ ಹಾಯುತ್ತದೆ.

ಇದನ್ನು ಬಾಯಲ್ಲೇ ಪರೀಕ್ಷಿಸಬಹುದು. ‘ಲ್’ ಎಂದು ಹೇಳಿ, ನಾಲಿಗೆಯನ್ನು ಹಾಗೆಯೇ ಹಿಡಿದು, ಜೋರಾಗಿ ಉಸಿರು ಒಳಗೆಳೆದರೆ ತಂಪು ನಾಲಿಗೆಯ ಪಕ್ಕದಲ್ಲಿ, ಕೆನ್ನೆಯ ಒಳಬದಿಗೆ ತಾಗುತ್ತದೆ. ಕೆಲವರಿಗೆ ಒಂದೇ ಪಕ್ಕದಲ್ಲಿ ತಾಗುವುದುಂಟು, ಅದು ದೋಷವಲ್ಲ. ಳ ಕೂಡ ಪಾರ್ಶ್ವಿಕವೇ. ಅಲ್ಲಿ ತುದಿ ಹಿಂದಕ್ಕೆ ಮಡಚಿ, ದಿಣ್ಣೆಗಿಂತ ಹಿಂದೆ ತಾಗುತ್ತದೆ ಅಷ್ಟೇ.

ರ ಒಳಗೇ ಎರಡು ಬಗೆಗಳಿವೆ. ‘ಮರ’ ಎನ್ನುವಾಗ ತುದಿ ದಿಣ್ಣೆಯನ್ನು ಒಮ್ಮೆ ತಟ್ಟಿ ಹಿಂದೆ ಸರಿಯುತ್ತದೆ. ಈ ತಟ್ಟು ಸಾಮಾನ್ಯವಾಗಿ ಒಂದು ಸೆಕೆಂಡಿನ ನೂರರಲ್ಲಿ ಎರಡು ಮೂರು ಪಾಲು ಇದ್ದೀತು. ಇದು ತಾಡಿತ. ‘ಕರ್ರಗೆ’ ಎಂದು ಒತ್ತಿ ಹೇಳುವಾಗ, ಬಸ್ಸು ಬರ್ರನೆ ಹೋಯಿತು ಎನ್ನುವಾಗ, ತುದಿ ಎರಡು ಮೂರು ಸಲ ಪಟಪಟ ಬಡಿಯುತ್ತದೆ. ಇದು ಕಂಪಿತ. ಇಂದಿನ ಕನ್ನಡದಲ್ಲಿ ‘ಮರ’ದ ರ ಅನ್ನು ಯಾರಾದರೂ ನಡುಗಿಸಿ ಹೇಳಿದರೂ ಅರ್ಥ ಬದಲಾಗುವುದಿಲ್ಲ. ಹಳಗನ್ನಡದಲ್ಲಿ ಹಾಗಿರಲಿಲ್ಲ. ‘ಅರಿ’ ಎಂದರೆ ಕತ್ತರಿಸು, ‘ಅಱಿ’ ಎಂದರೆ ತಿಳಿ. ಆ ಎರಡನೆಯ ಅಕ್ಷರಕ್ಕೆ ಶಕಟರೇಫ, ಅಂದರೆ ಬಂಡಿಯ ರ, ಎಂದು ಹೆಸರು.

ಈ ಭೇದವನ್ನು ಇಂದಿಗೂ ಉಳಿಸಿಕೊಂಡಿರುವ ದೊಡ್ಡ ಭಾಷೆ ಸ್ಪ್ಯಾನಿಷ್. ಅಲ್ಲಿ ‘ಪೆರೊ’ ಎಂದರೆ ಆದರೆ, ‘ಪೆರ್ರೊ’ ಎಂದರೆ ನಾಯಿ. ‘ಕಾರೊ’ ಎಂದರೆ ದುಬಾರಿ, ‘ಕಾರ್ರೊ’ ಎಂದರೆ ಬಂಡಿ. ಬಂಡಿಯ ರ ಅಲ್ಲಿಯೂ ಬಂಡಿಗೇ ಸೇರಿದ್ದು ಕಾಕತಾಳೀಯವಾದರೂ ನೆನಪಿಡಲು ಒಳ್ಳೆಯದು. ಎರಡು ಸ್ವರಗಳ ನಡುವಿನ ಒಂಟಿ ರ ತಾಡಿತ. ಬರಹದಲ್ಲಿ ಎರಡು ರ ಇದ್ದ ಕಡೆ, ಪದದ ಮೊದಲಲ್ಲಿ, ಮತ್ತು ನ, ಲ, ಸ ವ್ಯಂಜನಗಳ ಬೆನ್ನಿಗೆ ಬಂದಾಗ ಕಂಪಿತ. ಹಾಗಾಗಿ ‘ರೋಸಾ’ ಎಂಬ ಹೆಸರನ್ನು ಒಂದೇ ರ ಬರೆದರೂ ನಡುಗಿಸಿಯೇ ಹೇಳಬೇಕು. ಸ್ಪ್ಯಾನಿಷ್ ಕಲಿಯುವ ಕನ್ನಡಿಗರಿಗೆ ತಾಡಿತ ಪುಕ್ಕಟೆಯಾಗಿ ಸಿಗುತ್ತದೆ. ಅಮೆರಿಕದ ಇಂಗ್ಲಿಷಿನವರಿಗೂ ಅದು ಗೊತ್ತಿಲ್ಲದೆಯೇ ಗೊತ್ತು: ಅವರ ‘ವಾಟರ್’ ನಮ್ಮ ಕಿವಿಗೆ ‘ವಾಡರ್’ ಎಂದೋ ‘ವಾರರ್’ ಎಂದೋ ಕೇಳುವುದು ಆ ಟಕಾರ ಒಂದು ತಟ್ಟಾಗಿರುವುದರಿಂದ. ತೊಡಕು ಇರುವುದು ಕಂಪಿತದಲ್ಲಿ. ಸ್ಪ್ಯಾನಿಷ್ ಮನೆಮಾತಿನ ಮಕ್ಕಳಿಗೂ ಅದು ಕೊನೆಗೆ ಒಲಿಯುವ ಧ್ವನಿಗಳಲ್ಲೊಂದು. ಐದಾರು ವರ್ಷದವರೆಗೂ ತಡವರಿಸುವವರಿದ್ದಾರೆ.

ದೊಡ್ಡವರು ಸೋಲುವುದಕ್ಕೆ ಮುಖ್ಯ ಕಾರಣ ಒಂದು ತಪ್ಪು ಕಲ್ಪನೆ. ನಾಲಿಗೆಯನ್ನು ತಾವೇ ಬೇಗಬೇಗ ಆಡಿಸಬೇಕು ಎಂದುಕೊಳ್ಳುತ್ತಾರೆ. ಕಂಪಿತದಲ್ಲಿ ತುದಿ ಸೆಕೆಂಡಿಗೆ ಸುಮಾರು 25ರಿಂದ 30 ಸಲದ ವೇಗದಲ್ಲಿ ಬಡಿಯುತ್ತದೆ. ಯಾವ ಸ್ನಾಯುವೂ ಬೇಕೆಂದು ಅಷ್ಟು ಬೇಗ ಕುಣಿಯಲಾರದು. ಕುಣಿಸುವುದು ಗಾಳಿ. ಚಿಕ್ಕ ಮಕ್ಕಳು ಬಸ್ಸಿನ ಆಟದಲ್ಲಿ ತುಟಿ ಸಡಿಲ ಬಿಟ್ಟು ‘ಬ್ರ್ರ್’ ಎಂದು ಊದುವುದನ್ನು ನೋಡಿದರೆ ಇದು ತಿಳಿಯುತ್ತದೆ. ತುಟಿಯನ್ನು ಅವರು ಅಲುಗಿಸುವುದಿಲ್ಲ, ಅಡ್ಡ ಇಟ್ಟಿರುತ್ತಾರೆ. ನಾಲಿಗೆಯಲ್ಲಿಯೂ ಹಾಗೆಯೇ. ಹಿಂದೆ ಕೂಡಿದ ಗಾಳಿಯ ಒತ್ತಡ ಸಡಿಲವಾದ ತುದಿಯನ್ನು ತಳ್ಳಿ ತೆರೆಯುತ್ತದೆ. ಗಾಳಿ ನುಗ್ಗಿದೊಡನೆ ಒತ್ತಡ ಇಳಿದು, ನಾಲಿಗೆಯ ಪುಟಿತನದಿಂದ ತುದಿ ತಿರುಗಿ ಮುಚ್ಚಿಕೊಳ್ಳುತ್ತದೆ. ಮತ್ತೆ ಒತ್ತಡ ಕೂಡುತ್ತದೆ.

ಅಭ್ಯಾಸವನ್ನು ಲಕಾರದಿಂದ ಆರಂಭಿಸುವುದು ಸುಲಭ, ಏಕೆಂದರೆ ತುದಿಯ ಜಾಗವನ್ನು ಅದು ತೋರಿಸಿಕೊಡುತ್ತದೆ. ‘ಲ್’ ಎಂದು ಹಿಡಿದು, ತುದಿಯನ್ನು ಕದಲಿಸದೆ ಎರಡು ಅಂಚುಗಳನ್ನೂ ಮೇಲೆತ್ತಿ ದವಡೆ ಹಲ್ಲುಗಳಿಗೆ ತಾಗಿಸಬೇಕು. ಅಂಚುಗಳು ಮುಚ್ಚಿದರೆ ಲಕಾರ ನಿಂತುಹೋಗುತ್ತದೆ, ಗಾಳಿ ಒಳಗೇ ಕಟ್ಟಿಕೊಳ್ಳುತ್ತದೆ. ಆಗ ತುದಿಯ ಬಿಗಿಯನ್ನು ಮಾತ್ರ ಬಿಟ್ಟು, ದನಿ ಸೇರಿಸದೆ ಪಿಸುಮಾತಿನಂತೆ ಉಸಿರು ತಳ್ಳಬೇಕು. ದನಿ ಬಿಟ್ಟರೆ ಗಂಟಲಲ್ಲಿ ಉಸಿರಿಗೆ ತಡೆಯಿಲ್ಲದೆ ಬಾಯೊಳಗೆ ಒತ್ತಡ ಬೇಗ ಕೂಡುತ್ತದೆ. ಬರಿಯ ‘ಹ್ರ್’ ಎಂಬ ಗಾಳಿಯ ಸದ್ದಿನೊಳಗೆ ಒಂದೆರಡು ಬಡಿತ ಕೇಳಿದರೂ ಸಾಕು.

ಮುಂದಿನ ಮೆಟ್ಟಿಲು ‘ತ್ರ’, ‘ದ್ರ’. ‘ಭದ್ರ’ ಎನ್ನುವಾಗ ದಕಾರ ಒಂದು ಕ್ಷಣ ಬಾಯಿ ಮುಚ್ಚಿ ಒತ್ತಡ ಕೂಡಿಸುತ್ತದೆ, ರಕಾರ ಆ ಒತ್ತಡದ ಮೇಲೆ ಸವಾರಿ ಮಾಡುತ್ತದೆ. ಒಂದು ಸೂಕ್ಷ್ಮ ಮಾತ್ರ ಇದೆ: ಕನ್ನಡದ ದಕಾರ ಹಲ್ಲಿಗೆ ತಾಗುತ್ತದೆ, ನಡುಕಕ್ಕೆ ತುದಿ ವಸಡಿನ ದಿಣ್ಣೆಗೆ ಸರಿಯಬೇಕು. ‘ದ್ರ್ರ’ ಹಿಡಿತಕ್ಕೆ ಬಂದ ಮೇಲೆ ದಕಾರವನ್ನು ತೆಗೆದು ‘ಅರ್ರಾ’, ‘ಪೆರ್ರೊ’ ಹೇಳಿ ನೋಡಬಹುದು. ಪದದ ಮೊದಲಿನ ಕಂಪಿತ, ‘ರೋಸಾ’ದಲ್ಲಿರುವಂಥದ್ದು, ಹಿಂದೆ ಆಸರೆಗೆ ಸ್ವರವಿಲ್ಲದ ಕಾರಣ ಕಡೆಗೆ ಇಟ್ಟುಕೊಳ್ಳುವುದೇ ಲೇಸು.

ಎಲ್ಲಿ ಎಡವುತ್ತಿದೆ ಎಂಬುದನ್ನು ಬರುವ ಸದ್ದೇ ಹೇಳುತ್ತದೆ. ‘ಜ್’ ಅಥವಾ ‘ಶ್’ ಹೋಲುವ ಸೀಳು ಸದ್ದು ಬಂದರೆ ತುದಿ ದಿಣ್ಣೆಗೆ ತಾಗಿಲ್ಲ, ನಡುವೆ ಸಂದು ಉಳಿದಿದೆ. ‘ದ್’ ಎಂದು ಕಟ್ಟಿ ನಿಂತರೆ ತುದಿ ಬಿಗಿಯಾಗಿ ಒತ್ತಿಕೊಂಡಿದೆ. ಲಕಾರದ ಛಾಯೆ ಕೇಳಿದರೆ ಅಂಚು ಸೋರುತ್ತಿದೆ. ಬಾಯಿ ಮುಕ್ಕಳಿಸಿದಂಥ ಸದ್ದು ಗಂಟಲಿನಿಂದ ಬಂದರೆ ನಡುಗುತ್ತಿರುವುದು ಕಿರುನಾಲಿಗೆ. ಫ್ರೆಂಚ್, ಜರ್ಮನ್ ಕಲಿತವರಿಗೆ ಈ ದಾರಿ ರೂಢಿಯಾಗಿರುತ್ತದೆ. ಹಟಕ್ಕೆ ಬಿದ್ದು ಜೋರಾಗಿ ಊದಿದಷ್ಟೂ ತುದಿ ಬಿಗಿಯುತ್ತದೆ, ಕೆಲಸ ಕೆಡುತ್ತದೆ. ಐದು ನಿಮಿಷ ಮಾಡಿ ಬಿಟ್ಟು, ಮತ್ತೊಂದು ಹೊತ್ತಿಗೆ ಐದು ನಿಮಿಷ ಮಾಡುವುದು ವಾಸಿ.

ತನ್ನ ಕಿವಿಯನ್ನು ನಂಬದವರು ಮೊಬೈಲಿನಲ್ಲಿ ದನಿ ಮುದ್ರಿಸಿ ಅರ್ಧ ವೇಗದಲ್ಲಿ ಕೇಳಬಹುದು. ಆಮ್‌ಸ್ಟರ್‌ಡಾಂ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ Praat ಎಂಬ ಉಚಿತ ತಂತ್ರಾಂಶ ದನಿಯನ್ನು ಚಿತ್ರವಾಗಿ ತೋರಿಸುತ್ತದೆ. ಅದರಲ್ಲಿ ‘ಪೆರೊ’ದ ನಡುವೆ ಒಂದೇ ಒಂದು ಮಸುಕು ಪಟ್ಟಿ ಕಾಣುತ್ತದೆ, ‘ಪೆರ್ರೊ’ದ ನಡುವೆ ಏಣಿಯ ಮೆಟ್ಟಿಲುಗಳಂತೆ ಎರಡು ಮೂರು. ಎರಡು ಮೂರಕ್ಕಿಂತ ಹೆಚ್ಚು ಬೇಕಾಗಿಲ್ಲ. ಉದ್ದುದ್ದ ನಡುಗಿಸುವುದು ನಾಟಕದ ಮಾತಿನಂತೆ ಕೇಳಿಸುತ್ತದೆ.

ಸ್ಪ್ಯಾನಿಷ್ ಆಡುವವರೆಲ್ಲರೂ ಹೀಗೆಯೇ ನಡುಗಿಸುತ್ತಾರೆಂದೇನೂ ಇಲ್ಲ. ಕೋಸ್ಟರಿಕಾದಲ್ಲಿ, ಆಂಡಿಸ್ ಪರ್ವತದ ಕೆಲವು ಸೀಮೆಗಳಲ್ಲಿ ಅನೇಕರು ಕಂಪಿತದ ಜಾಗದಲ್ಲಿ ಸೀಳು ಸದ್ದನ್ನೇ ಬಳಸುತ್ತಾರೆ. ಪೋರ್ಟರಿಕೋದಲ್ಲಿ ಕೆಲವರು ಗಂಟಲಿನಿಂದ ಹೇಳುತ್ತಾರೆ. ಅವರು ಬಿಡದ ಸಂಗತಿ ಒಂದೇ, ನಾಯಿಯ ರ ‘ಆದರೆ’ಯ ರ ಆಗಬಾರದು.